ಒಂದೇ ಚಂದಾ, ಎರಡು ಕಡಿತ: ರಿಫಂಡ್ ಪತ್ರದಲ್ಲಿ ಇರಬೇಕಾದ್ದು

ಸಾಫ್ಟ್‌ವೇರ್ ಚಂದಾ ಎರಡು ಸಲ ಕಡಿತವಾಯಿತೆಂದು ನನ್ನ ಆಫೀಸಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಬ್ಯಾಂಕ್ ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್ ಇರುತ್ತದೆ. ಕಂಪನಿಗೂ ಅದನ್ನೇ ಕಳಿಸಿರುತ್ತಾರೆ. ಆದರೆ ಕಂಪನಿಯ ಸಪೋರ್ಟ್‌ನವರಿಗೆ ನಮ್ಮ ಬ್ಯಾಂಕ್ ಖಾತೆ ಕಾಣುವುದಿಲ್ಲ. ಅವರು ನೋಡುವುದು ತಮ್ಮದೇ ಇನ್‌ವಾಯ್ಸ್‌ಗಳನ್ನು. ಅದೂ ನಾವು ಯಾವ ಇಮೇಲ್‌ನಿಂದ ಬರೆದೆವೋ ಆ ಇಮೇಲ್‌ನ ಅಕೌಂಟಿನಲ್ಲಿ ಇರುವುದನ್ನು ಮಾತ್ರ.

ದಾವಣಗೆರೆ ಮಂಡಿಪೇಟೆ ಕಡೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆದದ್ದು ಇದೇ. ಲಗ್ನಪತ್ರಿಕೆ, ಜಾತ್ರೆ ಬ್ಯಾನರ್ ಡಿಸೈನ್ ಮಾಡಲು ತಿಂಗಳಿಗೆ 1,999 ರೂಪಾಯಿಯ ಸಾಫ್ಟ್‌ವೇರ್. ಶೇಕಡ 18 ಜಿಎಸ್‌ಟಿ ಸೇರಿ 2,358.82. ಆ ತಿಂಗಳ 4ರಂದು ಒಮ್ಮೆ, 5ರಂದು ಇನ್ನೊಮ್ಮೆ ಒಂದೇ ಕಾರ್ಡಿನಿಂದ ಅಷ್ಟೇ ಮೊತ್ತ ಹೋಗಿತ್ತು. ಮಾಲೀಕರು ದೂರು ಕೊಟ್ಟರೆ ಬಂದ ಉತ್ತರ: ನಿಮ್ಮ ಅಕೌಂಟಿನಲ್ಲಿ ಒಂದೇ ಪಾವತಿ ಇದೆ. "ಎರಡು ಸಲ ರೊಕ್ಕ ಹೋಗೇತ್ರಿ ಸಾರ್, ಇವರು ಒಂದೇ ಅಂತಾರಲ್ರೀ" ಎಂದು ಸಿಟ್ಟಾಗಿ ಬಂದರು.

ಮೊದಲು ಸ್ಟೇಟ್‌ಮೆಂಟ್ ನೋಡಿದೆವು. ಕೆಲವು ಸಲ ಎರಡನೆಯದು ಬರೀ ತಡೆಹಿಡಿದ ಮೊತ್ತವಾಗಿದ್ದು, 'ಪೆಂಡಿಂಗ್' ಎಂದು ತೋರಿಸಿ ಕೆಲವು ದಿನಗಳಲ್ಲಿ ತಾನಾಗಿಯೇ ಬಿಟ್ಟುಹೋಗುತ್ತದೆ. ಅಂಥದಕ್ಕೆ ರಿಫಂಡ್ ಕೇಳಿ ಫಲವಿಲ್ಲ. ಇಲ್ಲಿ ಎರಡೂ ಪೂರ್ತಿ ಕಡಿತವಾಗಿದ್ದವು.

ಆಮೇಲೆ ಮೆಸೇಜುಗಳನ್ನು ನೋಡಿದೆವು. ಆಟೋ-ಡೆಬಿಟ್ ಆಗುವುದಿದ್ದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಕನಿಷ್ಠ 24 ಗಂಟೆ ಮೊದಲೇ ಗ್ರಾಹಕರಿಗೆ ಸೂಚನೆ ಬರಬೇಕು. 5ರ ಕಡಿತಕ್ಕೆ ಆ ಸೂಚನೆ ಬಂದಿತ್ತು. 4ರದಕ್ಕೆ ಸೂಚನೆ ಇರಲಿಲ್ಲ, ಒಟಿಪಿ ಬಂದಿತ್ತು. ಅಂದರೆ ಒಂದು ಹಳೆಯ ಚಂದಾದ ನವೀಕರಣ, ಇನ್ನೊಂದು ಯಾರೋ ಕೂತು ಮಾಡಿದ ಹೊಸ ಖರೀದಿ. ವಿಚಾರಿಸಿದರೆ, ಅವಧಿ ಮುಗಿಯುತ್ತಿದೆ ಎಂಬ ಸೂಚನೆ ಕಂಡ ಡಿಸೈನರ್ ಹುಡುಗ ಅಂಗಡಿಯ ಇಮೇಲ್ ಹಾಕಿ ಚಂದಾ ಕಟ್ಟಿದ್ದ; ಒಟಿಪಿಯನ್ನು ಮಾಲೀಕರೇ ಫೋನಿನಲ್ಲಿ ಹೇಳಿದ್ದರು. ಹಳೆಯ ಅಕೌಂಟ್ ಇದ್ದದ್ದು ಮಾಲೀಕರ ಸ್ವಂತ ಇಮೇಲ್‌ನಲ್ಲಿ. ನಾನು ಕಂಡ ಡಬಲ್ ಕಡಿತಗಳಲ್ಲಿ ಹೆಚ್ಚಿನವು ಹೀಗೆ ಎರಡು ಇಮೇಲ್‌ಗಳ ಕಥೆಯೇ.

ಯಾವುದನ್ನು ವಾಪಸ್ ಕೇಳುವುದು? ಡಿಸೈನ್ ಫೈಲುಗಳೆಲ್ಲ ಹಳೆಯದರಲ್ಲಿದ್ದವು. ಹೊಸದರಲ್ಲಿ ಒಂದು ಫೈಲೂ ತೆರೆದಿರಲಿಲ್ಲ. ಬಳಸದ ಅಕೌಂಟಿಗೆ ರಿಫಂಡ್ ಕೇಳುವುದು ನ್ಯಾಯವೂ ಹೌದು, ಒಪ್ಪಿಸುವುದು ಸುಲಭವೂ ಹೌದು. ಇಂಗ್ಲಿಷಿನಲ್ಲಿ ಕಳಿಸಿದ ಪತ್ರದ ಒಕ್ಕಣೆ ಹೀಗಿತ್ತು:

"ಒಂದೇ ಪ್ರೆಸ್ಸಿನ ಒಬ್ಬನೇ ಬಳಕೆದಾರನಿಗೆ ಎರಡು ಇಮೇಲ್‌ಗಳಲ್ಲಿ ಚಂದಾ ಆಗಿದೆ. 4ರಂದು ಅಂಗಡಿಯ ಇಮೇಲ್‌ನಲ್ಲಿ, 5ರಂದು ನನ್ನ ಇಮೇಲ್‌ನಲ್ಲಿ, ತಲಾ 2,358.82 ರೂಪಾಯಿ, ಒಂದೇ ಕಾರ್ಡ್. ಎರಡರ ಇನ್‌ವಾಯ್ಸ್ ನಂಬರ್, ಬ್ಯಾಂಕಿನ ರೆಫರೆನ್ಸ್ ನಂಬರ್ ಕೆಳಗಿವೆ. 4ರ ಖರೀದಿಯನ್ನು ರದ್ದುಮಾಡಿ, ಹಣವನ್ನು ಅದೇ ಕಾರ್ಡಿಗೆ ಮರಳಿಸಿ, ಕ್ರೆಡಿಟ್ ನೋಟ್ ಕಳಿಸಿ. 5ರ ಚಂದಾ ಮುಂದುವರಿಯಲಿ."

ಇದನ್ನು ಅಂಗಡಿಯ ಇಮೇಲ್‌ನಿಂದಲೇ ಕಳಿಸಿ, ಮಾಲೀಕರ ಇಮೇಲ್‌ಗೆ ಸಿಸಿ ಹಾಕಿಸಿದೆ. ಯಾರ ಅಕೌಂಟೋ ಅವರೇ ಕೇಳಬೇಕೆಂದು ಕಂಪನಿ ಪಟ್ಟುಹಿಡಿಯುವುದುಂಟು. ಎರಡು ಇನ್‌ವಾಯ್ಸ್‌ಗಳ ಪಿಡಿಎಫ್ ಮತ್ತು ಸ್ಟೇಟ್‌ಮೆಂಟಿನ ಆ ಒಂದು ಪುಟವನ್ನು ಲಗತ್ತಿಸಿದೆವು. ಪುಟದಲ್ಲಿ ಬಾಕಿ ಮೊತ್ತ, ಉಳಿದ ವ್ಯವಹಾರ, ಖಾತೆ ಸಂಖ್ಯೆಯನ್ನೆಲ್ಲ ಕಪ್ಪು ಮಾಡಿ, ಎರಡು ಸಾಲು ಮಾತ್ರ ಬಿಟ್ಟಿದ್ದೆವು. ಕಾರ್ಡಿನ ಕೊನೆಯ ನಾಲ್ಕು ಅಂಕಿ ಸಾಕು. ಪೂರ್ತಿ ನಂಬರ್, ಸಿವಿವಿ, ಒಟಿಪಿ ಯಾರು ಕೇಳಿದರೂ ಕೊಡಬೇಡಿ. ರಿಫಂಡ್‌ಗೆ ಅವು ಬೇಕೇ ಇಲ್ಲ. ಯುಪಿಐನಲ್ಲಿ ಕಟ್ಟಿದವರು 12 ಅಂಕಿಯ ಯುಟಿಆರ್ ಬರೆಯಬೇಕು.

ಬರೀ 'ಕ್ಯಾನ್ಸಲ್' ಒತ್ತಿದರೆ ಮುಂದಿನ ಕಡಿತ ನಿಲ್ಲುತ್ತದೆ, ಹೋದ ಹಣ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ. ಹಾಗೆಯೇ, ಪತ್ರ ಬರೆದ ದಿನವೇ ಬ್ಯಾಂಕಿನಲ್ಲೂ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಹಣ ವಾಪಸ್ ಪಡೆಯುವ ದೂರು, ಹಾಕಬೇಡಿ. ಚಾರ್ಜ್‌ಬ್ಯಾಕ್ ಬಂದೊಡನೆ ಕೆಲವು ಕಂಪನಿಗಳು ಅಕೌಂಟನ್ನೇ ತಡೆಹಿಡಿಯುತ್ತವೆ, ರಿಫಂಡ್ ಅಲ್ಲಿಗೇ ನಿಲ್ಲುತ್ತದೆ. ಕಂಪನಿ ನಿರಾಕರಿಸಿದರೆ ಅಥವಾ ಉತ್ತರವನ್ನೇ ಕೊಡದಿದ್ದರೆ ಆಗ ಬ್ಯಾಂಕಿಗೆ ಹೋಗಿ. ಅದಕ್ಕೂ ಗಡುವು ಇರುವುದರಿಂದ ತಿಂಗಳುಗಟ್ಟಲೆ ಕಾಯುವುದು ಸಲ್ಲ.

ಕಂಪನಿ ಒಪ್ಪಿತು. ಒಪ್ಪಿದ ಮೇಲೂ ಕಾರ್ಡಿಗೆ ಹಣ ಮರಳಲು ವಾರವೋ ಹತ್ತು ದಿನವೋ ಹಿಡಿಯುತ್ತದೆ. ಅಷ್ಟರಲ್ಲೂ ಬಾರದಿದ್ದರೆ ಕಂಪನಿಯಿಂದ ರಿಫಂಡಿನ ಎಆರ್‌ಎನ್ ಕೇಳಿ ಪಡೆದು ಬ್ಯಾಂಕಿಗೆ ಕೊಡಿ. 23 ಅಂಕಿಯ ಆ ನಂಬರಿನಿಂದ ಹಣ ಎಲ್ಲಿ ನಿಂತಿದೆ ಎಂದು ಬ್ಯಾಂಕಿನವರು ಹುಡುಕಬಲ್ಲರು.

ಪ್ರೆಸ್ಸಿನ ವಿಷಯದಲ್ಲಿ ಇನ್ನೊಂದು ಕೆಲಸ ಉಳಿದಿತ್ತು. ಹುಡುಗ ಹೊಸ ಅಕೌಂಟಿಗೆ ಅಂಗಡಿಯ ಜಿಎಸ್‌ಟಿ ನಂಬರ್ ಕೊಟ್ಟಿದ್ದರಿಂದ ಆ ಇನ್‌ವಾಯ್ಸ್ ಅಂಗಡಿಯ ಖರೀದಿಗಳನ್ನು ತೋರಿಸುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬಂದಿತ್ತು, 359.82 ರೂಪಾಯಿ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡೂ ಆಗಿತ್ತು. ಮುಂದಿನ ತಿಂಗಳ 2ಬಿಯಲ್ಲಿ ಕ್ರೆಡಿಟ್ ನೋಟ್ ಕಾಣಿಸಿದ ಮೇಲೆ ಅದನ್ನು ಕಳೆದು ರಿಟರ್ನ್ ಹಾಕಿದೆವು. ಉಳಿಸಿಕೊಂಡ ಹಳೆಯ ಅಕೌಂಟಿಗೂ ಜಿಎಸ್‌ಟಿ ನಂಬರ್ ಸೇರಿಸಿದ್ದೇವೆ.