ಡ್ರಾಕ್ಮಾ ಹೋದಮೇಲೆ ಗ್ರೀಸ್ ಕೈಯಲ್ಲಿ ಉಳಿದದ್ದೇನು?

1985ರ ಅಕ್ಟೋಬರ್‌ನಲ್ಲಿ ಗ್ರೀಸ್ ಸರ್ಕಾರ ತನ್ನ ನಾಣ್ಯ ಡ್ರಾಕ್ಮಾದ ಬೆಲೆಯನ್ನು ಶೇ. 15ರಷ್ಟು ಇಳಿಸಿತು. ಆಮದು ಹೆಚ್ಚಿ, ರಫ್ತು ಕುಗ್ಗಿ ಕೈ ಕಟ್ಟಿದಂತಾಗಿದ್ದ ಕಾಲ ಅದು. ನಾವೂ 1991ರ ಜುಲೈ 1 ಮತ್ತು 3ರಂದು, ಎರಡೇ ಕಂತಿನಲ್ಲಿ, ರೂಪಾಯಿಗೆ ಇದನ್ನೇ ಮಾಡಿದ್ದೆವು.

ಇದರಿಂದ ಏನಾಗುತ್ತದೆ? ಲೆಕ್ಕ ಸುಲಭವಾಗಲೆಂದು 100 ಡ್ರಾಕ್ಮಾಕ್ಕೆ ಒಂದು ಜರ್ಮನ್ ಮಾರ್ಕ್ ಎಂದಿಟ್ಟುಕೊಳ್ಳಿ. ದ್ವೀಪವೊಂದರ ಹೋಟೆಲ್‌ನಲ್ಲಿ ಕೋಣೆಯ ಬಾಡಿಗೆ 10,000 ಡ್ರಾಕ್ಮಾ, ಅಂದರೆ ಜರ್ಮನಿಯ ಪ್ರವಾಸಿಗೆ 100 ಮಾರ್ಕ್. ಡ್ರಾಕ್ಮಾ ಶೇ. 15 ಇಳಿದ ಮರುದಿನ ಅದೇ ಕೋಣೆ ಅವನಿಗೆ 85 ಮಾರ್ಕ್‌ಗೆ ಸಿಗುತ್ತದೆ. ಹೋಟೆಲಿನವನು ಬೆಲೆಪಟ್ಟಿ ತಿದ್ದಲಿಲ್ಲ, ಯಾರ ಸಂಬಳವನ್ನೂ ಕಡಿಯಲಿಲ್ಲ, ಬ್ಯಾಂಕಿನ ಸಾಲವೂ ಮೊದಲಿನಷ್ಟೇ. ಪೆಟ್ರೋಲು, ಔಷಧಿ ತುಟ್ಟಿಯಾಗಿ ಊರೆಲ್ಲ ಸ್ವಲ್ಪ ಸ್ವಲ್ಪ ಬಡವಾಗುತ್ತದೆ, ನಿಜ. ಆದರೆ ಆ ನೋವು ಎಲ್ಲರಿಗೂ ಹಂಚಿಹೋಗುತ್ತದೆ.

2001ರ ಜನವರಿ 1ರಂದು ಗ್ರೀಸ್ ಯೂರೋ ಕೂಟ ಸೇರಿತು. 340.75 ಡ್ರಾಕ್ಮಾಕ್ಕೆ ಒಂದು ಯೂರೋ ಎಂಬ ದರ ಶಾಶ್ವತವಾಯಿತು. ನಾಣ್ಯದ ಬೆಲೆಯನ್ನು ತಾನೇ ಇಳಿಸುವ ದಾರಿಯನ್ನು ಬಿಟ್ಟುಕೊಟ್ಟದ್ದು ಯಾರಿಗೂ ಕಾಣಲಿಲ್ಲ, ಏಕೆಂದರೆ ಸಿಕ್ಕಿದ್ದು ದೊಡ್ಡದಿತ್ತು: ತೊಂಬತ್ತರ ದಶಕದ ಆರಂಭದಲ್ಲಿ ಶೇ. 20 ದಾಟಿದ್ದ ಸರ್ಕಾರಿ ಸಾಲದ ಬಡ್ಡಿ ಶೇ. 5ರ ಆಸುಪಾಸಿಗೆ ಇಳಿದಿತ್ತು. ಅಗ್ಗದ ಸಾಲವನ್ನು ಬೇಡವೆನ್ನುವ ಸರ್ಕಾರ ಎಲ್ಲಿದೆ?

2009ರ ಕೊನೆಗೆ ಬಜೆಟ್ ಕೊರತೆಯ ನಿಜವಾದ ಗಾತ್ರ ಹೊರಬಿದ್ದಾಗ ಸಾಲ ಕೊಡುವವರು ಹಿಂದೆ ಸರಿದರು. ಈಗ ಆ ಕೋಣೆ ಜರ್ಮನಿಯವನಿಗೆ ಅಗ್ಗವಾಗಬೇಕಾದರೆ ಯೂರೋದಲ್ಲೇ ಬಾಡಿಗೆ ಇಳಿಯಬೇಕು. ಬಾಡಿಗೆ ಇಳಿಯಬೇಕಾದರೆ ಸಂಬಳ ಇಳಿಯಬೇಕು. ಹಾಗೇ ಆಯಿತು. 2012ರಲ್ಲಿ ತಿಂಗಳಿಗೆ 751 ಯೂರೋ ಇದ್ದ ಕನಿಷ್ಠ ವೇತನವನ್ನು ಕಾನೂನಿನಿಂದಲೇ 586ಕ್ಕೆ ತಂದರು. ಸಂಬಳ ಕಡಿಯಬಹುದು, ಮನೆ ಸಾಲದ ಕಂತನ್ನು ಕಡಿಯಲಾಗದು. ಕಂತು ತಪ್ಪಿತು, ಅಂಗಡಿಗೆ ಗಿರಾಕಿ ತಪ್ಪಿದರು. 2013ರಲ್ಲಿ ಕೆಲಸದಲ್ಲಿದ್ದವರನ್ನೂ ಕೆಲಸ ಹುಡುಕುತ್ತಿದ್ದವರನ್ನೂ ಸೇರಿಸಿದ ಲೆಕ್ಕದಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ನಾಣ್ಯದ ದರ ಒಂದೇ ರಾತ್ರಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದೊಂದೇ ಸಂಬಳದ ಚೀಟಿ ಮಾಡಬೇಕಾಯಿತು.

ಇನ್ನೊಂದು ನಷ್ಟ ಗೊತ್ತಾಗಿದ್ದು 2015ರ ಜೂನ್ 28ರ ಭಾನುವಾರ. ಜನ ಠೇವಣಿ ಹಿಂಪಡೆಯಲು ಮುಗಿಬಿದ್ದಾಗ ಬ್ಯಾಂಕುಗಳಿಗೆ ನಗದು ತುಂಬಿಕೊಡುವುದು ಯಾವುದೇ ದೇಶದ ಕೇಂದ್ರ ಬ್ಯಾಂಕಿನ ಕೆಲಸ. ಗ್ರೀಸಿನ ಕೇಂದ್ರ ಬ್ಯಾಂಕಿಗೆ ಅಥೆನ್ಸ್‌ನಲ್ಲಿ ಸ್ವಂತ ನೋಟು ಮುದ್ರಣಾಲಯವೇ ಇದೆ, ಅಲ್ಲಿ ಯೂರೋ ನೋಟುಗಳೇ ಅಚ್ಚಾಗುತ್ತವೆ. ಆದರೆ ಎಷ್ಟು ಎಂದು ಹೇಳುವವರು ಫ್ರಾಂಕ್‌ಫರ್ಟ್‌ನಲ್ಲಿದ್ದಾರೆ. ಗ್ರೀಸಿನ ಬ್ಯಾಂಕುಗಳಿಗೆ ಸಿಗುವ ತುರ್ತು ಸಾಲದ ಮಿತಿಯನ್ನು ಇನ್ನು ಏರಿಸುವುದಿಲ್ಲ ಎಂದು ಅಲ್ಲಿನ ಯುರೋಪಿನ ಕೇಂದ್ರ ಬ್ಯಾಂಕು ಅಂದು ತೀರ್ಮಾನಿಸಿತು. ಸೋಮವಾರದಿಂದ ಮೂರು ವಾರ ಬ್ಯಾಂಕುಗಳಿಗೆ ಬೀಗ. ಎಟಿಎಂನಲ್ಲಿ ದಿನಕ್ಕೆ 60 ಯೂರೋ. 20ರ ನೋಟು ಮುಗಿದ ಕಡೆ 50 ಮಾತ್ರ.