ಹೆಸರು ಕೇಳಿದ್ದಾರೆ, ಸರಿ. ಆಮೇಲೆ?

‘ಮೇಡಂ, ನೂರಕ್ಕೆ ಎಂಬತ್ತೇಳು ಜನಕ್ಕೆ ನಮ್ಮ ಹೆಸರು ಗೊತ್ತಂತೆ. ಬ್ರ್ಯಾಂಡ್ ಗಟ್ಟಿಯಾಗಿದೆ ಅಂತ ತಾನೇ ಅರ್ಥ?’

ಈ ಪ್ರಶ್ನೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಕೇಳಿದವರು ದಕ್ಷಿಣ ಬೆಂಗಳೂರಿನಲ್ಲಿ ಮೂರು ತಲೆಮಾರಿನಿಂದ ಕಾಫಿಪುಡಿ ಮಾರುತ್ತಿರುವ ಯಜಮಾನರು. ಹನ್ನೆರಡು ಅಂಗಡಿ, ಒಂದು ಹುರಿಯುವ ಘಟಕ, ಕಿರಾಣಿ ಅಂಗಡಿಗಳಿಗೆ ಹೋಗುವ ಪ್ಯಾಕೆಟ್ ವ್ಯಾಪಾರ. ಹೊಸ ಬಡಾವಣೆಗಳಿಗೆ ಕಾಲಿಡುವ ಮೊದಲು ತಮ್ಮ ಹೆಸರಿಗೆ ಎಷ್ಟು ತೂಕವಿದೆ ಎಂದು ತಿಳಿಯಲು ನನ್ನಿಂದ ಸಮೀಕ್ಷೆ ಮಾಡಿಸಿದ್ದರು. (ಗುರುತು ಸಿಗದಿರಲಿ ಎಂದು ಅಂಕಿಗಳನ್ನು ತುಸು ಬದಲಿಸಿದ್ದೇನೆ.)

ಬ್ರ್ಯಾಂಡಿನ ಬಲವನ್ನು ಅರಿವು, ಮನಸ್ಸಿನಲ್ಲಿ ಹುಟ್ಟುವ ನಂಟು, ಜನ ಅಂದುಕೊಂಡ ಗುಣಮಟ್ಟ, ನಿಷ್ಠೆ ಎಂದು ಬಿಡಿಸಿ ನೋಡುವ ಕ್ರಮವನ್ನು ಮಾರ್ಕೆಟಿಂಗ್ ಪ್ರಾಧ್ಯಾಪಕ ಡೇವಿಡ್ ಆಕರ್ 1991ರಲ್ಲೇ ಹೇಳಿಕೊಟ್ಟರು. ಅದನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ. ನನ್ನ ತಕರಾರು ಒಂದೇ. ಮೊದಲನೆಯದನ್ನು, ಅದೂ ಅದರ ಅತಿ ಸುಲಭದ ರೂಪವನ್ನು ಅಳೆದು, ನಾಲ್ಕನ್ನೂ ಅಳೆದಾಯಿತು ಎಂದುಕೊಳ್ಳುತ್ತಾರೆ.

ಆ ಎಂಬತ್ತೇಳು ಹೇಗೆ ಬಂತು ಗೊತ್ತೆ? ಹೆಸರುಗಳ ಪಟ್ಟಿ ತೋರಿಸಿ ‘ಇದನ್ನು ಕೇಳಿದ್ದೀರಾ?’ ಎಂದಾಗ ಬಂದದ್ದು. ನಮ್ಮ ಜನ ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲು ಸಂಕೋಚಪಡುತ್ತಾರೆ. ಅದಕ್ಕೇ ನಾನು ಪಟ್ಟಿಯಲ್ಲಿ ಯಾವಾಗಲೂ ಒಂದು ಇಲ್ಲದ ಹೆಸರನ್ನು ಸೇರಿಸುತ್ತೇನೆ. ಈ ಸಲ ‘ಶ್ರೀ’ ಎಂದು ಶುರುವಾಗುವ ಒಂದು ಸುಳ್ಳು ಕಾಫಿಪುಡಿ. ಅದನ್ನೂ ನೂರಕ್ಕೆ ಇಪ್ಪತ್ತೆರಡು ಜನ ಕೇಳಿದ್ದರು! ಬಸವನಗುಡಿಯ ಹಿರಿಯರೊಬ್ಬರಂತೂ ‘ಅವರ ಅಂಗಡಿ ಮೊದಲು ಗಾಂಧಿಬಜಾರಿನಲ್ಲಿತ್ತು, ಈಗ ಮುಚ್ಚಿದ್ದಾರೆ’ ಎಂದು ಮರುಕಪಟ್ಟರು. ಎಂಬತ್ತೇಳರಲ್ಲಿ ಎಷ್ಟು ಅರಿವು, ಎಷ್ಟು ದಾಕ್ಷಿಣ್ಯ, ನೀವೇ ಯೋಚಿಸಿ.

ಪಟ್ಟಿ ತೋರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ‘ಕಾಫಿಪುಡಿ ಅಂದರೆ ಯಾವ ಯಾವ ಹೆಸರು ನೆನಪಾಗುತ್ತೆ?’ ಅಷ್ಟು ಕೇಳಿ ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟ, ಹೊಸ ಹುಡುಗರು ಎರಡೇ ಸೆಕೆಂಡಿಗೆ ಸುಳಿವು ಕೊಟ್ಟುಬಿಡುತ್ತಾರೆ. ಹಾಗೆ ಕೇಳಿದಾಗ ನಾನೂರು ಜನರಲ್ಲಿ ನೂರಕ್ಕೆ ಮೂವತ್ತೊಂದು ಮಂದಿ ಯಜಮಾನರ ಹೆಸರು ಹೇಳಿದರು. ಮೊಟ್ಟಮೊದಲಿಗೆ ಅದನ್ನೇ ಹೇಳಿದವರು ನೂರಕ್ಕೆ ಒಂಬತ್ತು. ಅಂಗಡಿಗೆ ಹೋಗುವ ದಾರಿಯಲ್ಲಿ ಜನರ ತಲೆಯಲ್ಲಿ ಪಟ್ಟಿ ಇರುವುದಿಲ್ಲವಾದ್ದರಿಂದ ನನಗೆ ಬೇಕಾದದ್ದು ಈ ಸಂಖ್ಯೆಗಳು.

ಇಲ್ಲಿ ಅನುಕ್ರಮ ತಪ್ಪಿದರೆ ಎಲ್ಲ ಕೆಟ್ಟಿತು. ಒಮ್ಮೆ ಪಟ್ಟಿ ತೋರಿಸಿದ ಮೇಲೆ ಹಿಂದಕ್ಕೆ ಹೋಗಿ ‘ಯಾವುದು ನೆನಪಾಗುತ್ತೆ’ ಎಂದು ಕೇಳುವಂತಿಲ್ಲ. ಟ್ಯಾಬಿನಲ್ಲಿ ಹಿಂದಿನ ಪುಟಕ್ಕೆ ಹೋಗುವ ಗುಂಡಿಯನ್ನೇ ಮುಚ್ಚಿಸಿರುತ್ತೇನೆ. ಸಮೀಕ್ಷೆ ಯಾರಿಗಾಗಿ ಎಂಬುದೂ ಕೊನೆಯವರೆಗೆ ಗೊತ್ತಾಗಬಾರದು. ಇದನ್ನೆಲ್ಲ ಅರ್ಧ ಗಂಟೆ ವಿವರಿಸಿದ ಮೇಲೆ ಯಜಮಾನರು ತಲೆದೂಗಿ, ‘ಎಲ್ಲಾ ಸರಿ ಮೇಡಂ, ನಿಮ್ಮ ಹುಡುಗರಿಗೆ ನಮ್ಮ ಲೋಗೊ ಇರೋ ಟೀ ಶರ್ಟ್ ಕೊಡ್ಲಾ? ಹಂಗೇ ಪ್ರಚಾರಾನೂ ಆಗುತ್ತೆ’ ಎಂದರು. ಒಳ್ಳೆಯ ಮನುಷ್ಯ. ಬೇಡ ಎಂದಿದ್ದಕ್ಕೆ ಹುಡುಗರಿಗೆಲ್ಲ ಅರ್ಧರ್ಧ ಕಿಲೋ ಪುಡಿ ಕಳಿಸಿದರು.

ನಂಟಿನ ಪ್ರಶ್ನೆಗೂ ಪಟ್ಟಿ ಬೇಡ. ‘ಈ ಹೆಸರು ಕೇಳಿದ ಕೂಡಲೇ ಏನು ನೆನಪಾಗುತ್ತೆ?’ ಅಷ್ಟೇ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು, ತಿದ್ದಬಾರದು. ಯಜಮಾನರು ‘ಪರಿಮಳ’, ‘ಚಿಕ್ಕಮಗಳೂರು’ ಬರುತ್ತದೆ ಎಂದು ಕಾಯುತ್ತಿದ್ದರು. ಬಂದದ್ದು: ‘ನಮ್ಮಪ್ಪ ತರ್ತಿದ್ರು’, ‘ಹಳೇ ಮನೇಲಿದ್ದಾಗ ಅದೇ ಕುಡೀತಿದ್ವಿ’, ‘ಬಿಸಿ ಪೊಟ್ಟಣ ಕೈಲಿ ಹಿಡ್ಕೊಂಡು ಬರ್ತಿದ್ದೆ’. ಓದಿದರೆ ಹೃದಯ ತುಂಬುತ್ತದೆ, ಅವರಿಗೂ ಕಣ್ಣು ಒದ್ದೆಯಾಯಿತು. ಆದರೆ ಕ್ರಿಯಾಪದ ನೋಡಿ. ಎಲ್ಲ ತರ್ತಿದ್ರು, ಕುಡೀತಿದ್ವಿ, ಬರ್ತಿದ್ದೆ. ಹಳೆಯ ಬಡಾವಣೆಗಳಾದ ಜಯನಗರ, ಬಸವನಗುಡಿಯಲ್ಲಿ ವರ್ತಮಾನದ ಕ್ರಿಯಾಪದಗಳೂ ಸಾಕಷ್ಟಿದ್ದವು. ಅವರು ಹೊಸದಾಗಿ ಕಾಲಿಡಲಿದ್ದ ಎಚ್ಎಸ್ಆರ್ ಬಡಾವಣೆ, ಯಲಹಂಕದಲ್ಲಿ ಹೆಸರು ಗೊತ್ತಿದ್ದವರು ಬಹುತೇಕ ಭೂತಕಾಲದಲ್ಲೇ ಮಾತಾಡಿದರು. ಪ್ರೀತಿ ಇದೆ, ಡಬ್ಬಿಯಲ್ಲಿ ಪುಡಿ ಇಲ್ಲ.

ಗುಣಮಟ್ಟಕ್ಕೆ ಎರಡು ಲೋಟದ ಪರೀಕ್ಷೆ ಮಾಡಿದೆವು. ಇವರದು ಒಂದು, ದೊಡ್ಡ ಪ್ರತಿಸ್ಪರ್ಧಿಯದು ಒಂದು. ಎರಡರಲ್ಲೂ ಚಿಕೋರಿ ನೂರಕ್ಕೆ ಇಪ್ಪತ್ತು, ಡಿಕಾಕ್ಷನ್ ಅಳತೆ ಒಂದೇ, ಹಾಲು ಒಂದೇ. ಮೊದಲು ಕುಡಿದದ್ದೇ ರುಚಿ ಎನ್ನುವುದು ಹಲವರ ರೂಢಿ, ಹಾಗಾಗಿ ಲೋಟದ ಸರದಿಯನ್ನು ಅದಲುಬದಲು ಮಾಡುತ್ತೇವೆ. ಹೆಸರು ಮುಚ್ಚಿಟ್ಟಾಗ ಹಳೆಯ ಬಡಾವಣೆಯಲ್ಲೂ ಹೊಸದರಲ್ಲೂ ಹೆಚ್ಚುಕಡಿಮೆ ಸಮ. ಪ್ಯಾಕೆಟ್ ಎದುರಿಗಿಟ್ಟು ಕುಡಿಸಿದಾಗ ಹಳೆಯ ಬಡಾವಣೆಯಲ್ಲಿ ನೂರಕ್ಕೆ ಅರವತ್ತನಾಲ್ಕು ಮಂದಿಗೆ ಇವರದು ರುಚಿಸಿತು, ಹೊಸದರಲ್ಲಿ ಮೂವತ್ತೆಂಟು ಮಂದಿಗೆ. ಪುಡಿ ಬದಲಾಗಿಲ್ಲ. ಮುಚ್ಚಿದ ಲೋಟಕ್ಕೂ ತೆರೆದ ಪ್ಯಾಕೆಟ್ಟಿಗೂ ನಡುವಿನ ಈ ಅಂತರವೇ ಬ್ರ್ಯಾಂಡ್ ಮಾಡುತ್ತಿರುವ ಕೆಲಸ. ಒಂದು ಕಡೆ ಅದು ಎತ್ತುತ್ತಿದೆ, ಇನ್ನೊಂದು ಕಡೆ ಕೆಳಗೆ ಎಳೆಯುತ್ತಿದೆ. ಒಂದೊಂದು ಕಡೆ ಅರವತ್ತೇ ಜನ ಕುಡಿದದ್ದು, ಐದಾರು ಅಂಕ ಆಚೀಚೆಯಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಎರಡು ಕಡೆಯ ನಡುವೆ ಇಪ್ಪತ್ತಾರು ಅಂಕ ಎಂದರೆ ಹೇಳಲೇಬೇಕು.

ಇನ್ನು ನಿಷ್ಠೆ. ‘ಯಾವಾಗ್ಲೂ ಇವರದೇ ತಗೊಳ್ಳೋದು’ ಎಂದವರಿಗೆ ‘ಡಬ್ಬಿ ಪಕ್ಕದ ಪ್ಯಾಕೆಟ್ ತೋರಿಸ್ತೀರಾ ಅಮ್ಮ?’ ಎಂದು ಕೇಳಿಸಿದೆ. ಮೂರರಲ್ಲಿ ಒಂದು ಮನೆಯಲ್ಲಿ ಬೇರೆಯವರದು ಸಿಕ್ಕಿತು. ಸಣ್ಣ ಬ್ರ್ಯಾಂಡಿಗೆ ಕೊಳ್ಳುವವರೂ ಕಡಿಮೆ, ಮತ್ತೆ ಮತ್ತೆ ಕೊಳ್ಳುವುದೂ ದೊಡ್ಡವರಿಗಿಂತ ತುಸು ಕಡಿಮೆ. ಮಾರುಕಟ್ಟೆಯಲ್ಲಿ ಅರವತ್ತರ ದಶಕದಿಂದ ಕಾಣುತ್ತಿರುವ ಸಂಗತಿ ಇದು, ಅದಕ್ಕಾಗಿ ಗಾಬರಿಯಾಗಬೇಕಿಲ್ಲ.

ಆದರೆ ಮತ್ತೆ ಬರುವವರು ಯಾಕೆ ಬರುತ್ತಾರೆ ಎಂಬುದು ಬೇರೆ ಮಾತು. ಅದಕ್ಕೆ ಉತ್ತರ ಯಜಮಾನರ ಲೆಕ್ಕದ ಪುಸ್ತಕದಲ್ಲೇ ಇತ್ತು. ಎರಡು ವರ್ಷದ ಹಿಂದೆ ರಸ್ತೆ ಕೆಲಸಕ್ಕಾಗಿ ಒಂದು ಅಂಗಡಿಯನ್ನು ಅರ್ಧ ಕಿಲೋಮೀಟರ್ ಆಚೆ ಸಾಗಿಸಿದ್ದರು. ಅದೇ ಪುಡಿ, ಅದೇ ಬೆಲೆ, ಗಿರಣಿಯ ಹತ್ತಿರ ಅದೇ ಹುಡುಗ. ಮೂರು ತಿಂಗಳಲ್ಲಿ ಮಾರಾಟ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಹೊಸ ಜಾಗದಲ್ಲಿ ಗಾಡಿ ನಿಲ್ಲಿಸಲು ತೊಂದರೆಯಿತ್ತು, ಹಾಗಾಗಿ ಪೂರ್ತಿ ದೂರದ ತಲೆಗೇ ಕಟ್ಟುವುದಿಲ್ಲ. ಆದರೂ ಬೆಳಗಿನ ವಾಕಿಂಗ್ ದಾರಿಯಲ್ಲಿ ಸಿಗುತ್ತಿದ್ದುದಕ್ಕೆ ಕೊಳ್ಳುತ್ತಿದ್ದವರನ್ನು ನಾವು ನಿಷ್ಠರು ಎಂದು ಎಣಿಸುತ್ತಿದ್ದೆವು. ಈಗ ಹೀಗೆ ಕೇಳುತ್ತೇನೆ: ‘ಈ ಅಂಗಡಿಯಲ್ಲಿ ಪುಡಿ ಮುಗಿದಿದ್ದರೆ ಇವರದೇ ಇನ್ನೊಂದು ಅಂಗಡಿಗೆ ಹೋಗ್ತೀರಾ, ಪಕ್ಕದವರದು ತಗೊಳ್ತೀರಾ? ಕಾಲು ಕಿಲೋಗೆ ₹20 ಜಾಸ್ತಿಯಾದರೆ?’

ನಾಲ್ಕನ್ನೂ ಕೂಡಿಸಿ ಒಂದೇ ಅಂಕಿ ಕೊಡಿ ಎಂದು ಅವರ ಲೆಕ್ಕಪರಿಶೋಧಕರು ಕೇಳಿದರು. ಕೊಡಲಿಲ್ಲ. ನೆನಪು ಕಡಿಮೆಯಿದ್ದರೆ ಮಾಡುವ ಕೆಲಸ ಬೇರೆ, ಲೋಟದ ಪರೀಕ್ಷೆಯಲ್ಲಿ ಹೆಸರು ಕೆಳಗೆಳೆದರೆ ಮಾಡುವ ಕೆಲಸ ಬೇರೆ. ಸರಾಸರಿ ತೆಗೆದರೆ ಎರಡೂ ಕಾಣುವುದಿಲ್ಲ. ಬ್ಯಾಂಕಿಗೆ ತೋರಿಸುವ ರೂಪಾಯಿ ಮೌಲ್ಯ ಬೇಕೆಂದರೆ ಅದು ನನ್ನ ಕೆಲಸವೂ ಅಲ್ಲ. ತಾನೇ ಬೆಳೆಸಿದ ಬ್ರ್ಯಾಂಡನ್ನು ಕಂಪನಿ ಆಸ್ತಿಪಟ್ಟಿಯಲ್ಲಿ ತೋರಿಸಲು ಲೆಕ್ಕಪತ್ರದ ನಿಯಮವೇ ಬಿಡುವುದಿಲ್ಲ.

ಯಜಮಾನರು ಯಲಹಂಕದಲ್ಲಿ ತೆರೆಯಬೇಕೆಂದಿದ್ದ ಅಂಗಡಿಯನ್ನು ಮುಂದೂಡಿ, ಹೊಸ ಬಡಾವಣೆಗಳಲ್ಲಿ ಸಂಜೆ ಹೊತ್ತು ಎದುರಿಗೇ ಪುಡಿ ಮಾಡಿ ಕಾಫಿ ಕುಡಿಸುವ ಗಾಡಿ ಇಟ್ಟರು. ಎಂಟು ತಿಂಗಳ ಮೇಲೆ ಅದೇ ಪ್ರಶ್ನೆ, ಅದೇ ಅನುಕ್ರಮ, ಮತ್ತೆ ನಾನೂರು ಜನ. ಹೆಸರು ತಾವಾಗಿ ಹೇಳಿದವರು ಮೂವತ್ತೊಂದರಿಂದ ಮೂವತ್ತನಾಲ್ಕಾಗಿದ್ದರು. ಯಜಮಾನರು ಸಿಹಿ ಹಿಡಿದುಕೊಂಡೇ ಬಂದಿದ್ದರು. ನಾನೂರು ಜನರ ಲೆಕ್ಕದಲ್ಲಿ ಮೂರು ಅಂಕವನ್ನು ಏರಿಕೆ ಎನ್ನಲಾಗದು, ಇನ್ನೊಂದು ಸುತ್ತು ನೋಡೋಣ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಡಬ್ಬಿ ನನ್ನ ಕಡೆ ತಳ್ಳಿ, ‘ಮೈಸೂರು ಪಾಕ್ ತಿನ್ನೋಕೂ ಇನ್ನೊಂದು ಸುತ್ತು ಕಾಯ್ಬೇಕಾ ಮೇಡಂ?’ ಎಂದರು.