ಉಳಿದ 11 ಗುಳಿಗೆ

ಇಳಕಲ್ಲಿನ ಆ ನೇಕಾರರು ಬಾಗಲಕೋಟೆಯ ನನ್ನ ಕ್ಲಿನಿಕ್ಕಿಗೆ ಬಂದಾಗ ಹೇಳಿದ್ದು ಇಷ್ಟೇ: ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ಎಡಪಕ್ಕೆ ಭಾರ. ಮುಟ್ಟಿ ನೋಡಿದೆ. ಗುಲ್ಮ ಹೊಕ್ಕುಳದ ಹತ್ತಿರದವರೆಗೂ ದಪ್ಪವಾಗಿತ್ತು. ಸುಮಾರು 11,000ದ ಒಳಗಿರಬೇಕಾದ ಬಿಳಿ ರಕ್ತಕಣ 1,80,000 ಇತ್ತು. ಬಿಸಿಆರ್-ಎಬಿಎಲ್ ಪರೀಕ್ಷೆ ಪಾಸಿಟಿವ್ ಬಂತು. ಸಿಎಂಎಲ್, ಅಂದರೆ ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್.

ಅವರ ಕಸುಬಿನಿಂದಲೇ ವಿವರಿಸಿದೆ. ಇಳಕಲ್ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರಲ್ವಾ? ಹಾಗೆ, ಮಜ್ಜೆಯ ಒಂದು ಜೀವಕೋಶದಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲು ಬದಲಾಗಿ, ಎಬಿಎಲ್ ಜೀನ್ ಬಿಸಿಆರ್ ಜೀನಿಗೆ ಬಂದು ಕೂಡಿಕೊಂಡಿದೆ. ಎಬಿಎಲ್ ಬೇಕಾದಾಗ ಮಾತ್ರ ಹತ್ತುವ ಸ್ವಿಚ್. ಹೀಗೆ ಕೂಡಿದ ಮೇಲೆ ಅದು ಆರುವುದೇ ಇಲ್ಲ, ಕಣಗಳು ಹುಟ್ಟುತ್ತಲೇ ಇರುತ್ತವೆ.

"ಮಕ್ಕಳಿಗೂ ಬರ್ತೈತೇನ್ರಿ ಸರ?" ಬರುವುದಿಲ್ಲ. ಇದು ಹುಟ್ಟಿದ ಮೇಲೆ ಮಜ್ಜೆಯಲ್ಲಿ ಆದದ್ದು.

ಇಮಾಟಿನಿಬ್ ಗುಳಿಗೆ ಆ ಸ್ವಿಚ್ಚಿನ ಕಿಂಡಿಯಲ್ಲೇ ಕೂತು ಅದನ್ನು ಆರಿಸುತ್ತದೆ. 2001ರಲ್ಲಿ ಇದು ಬರುವ ಮೊದಲು, ಮಜ್ಜೆ ಕಸಿ ಆಗದ ಹೆಚ್ಚಿನವರು ಕೆಲವೇ ವರ್ಷ ಬದುಕುತ್ತಿದ್ದರು. ಈಗ ಗುಳಿಗೆ ಚೆನ್ನಾಗಿ ಹಿಡಿಸಿದವರು ಹೆಚ್ಚುಕಡಿಮೆ ಓರಗೆಯವರಷ್ಟೇ ಕಾಲ ಬಾಳುತ್ತಾರೆ.

ಅವರಿಗೆ ದಿನಕ್ಕೆ 400 ಮಿಲಿಗ್ರಾಂ ಶುರುಮಾಡಿದೆ, ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ. ಎರಡು ತಿಂಗಳಲ್ಲಿ ರಕ್ತಕಣ ಸರಿಹೋಯಿತು. ಆದರೆ ನಾವು ನಂಬುವುದು ಆ ಜೀನನ್ನು ಅಳೆಯುವ ಪಿಸಿಆರ್ ಪರೀಕ್ಷೆಯನ್ನು. ಮೂರು ತಿಂಗಳಿಗೆ ಅದು ಶೇ. 10ಕ್ಕಿಂತ, ವರ್ಷಕ್ಕೆ ಶೇ. 0.1ಕ್ಕಿಂತ ಕೆಳಗಿಳಿದರೆ ಸಮಾಧಾನ. ಅವರದು ಶೇ. 6ಕ್ಕೆ, ವರ್ಷಕ್ಕೆ 0.08ಕ್ಕೆ ಇಳಿಯಿತು.

ಒಂದೂವರೆ ವರ್ಷಕ್ಕೆ ಶೇ. 2.4! ಬಿಳಿ ರಕ್ತಕಣ ಮಾತ್ರ 7,000, ಏನೂ ಆಗಿಲ್ಲವೆಂಬಂತೆ. ಇಂಥ ಹೊತ್ತಲ್ಲಿ ಜೀನು ಮತ್ತೆ ಬದಲಾಗಿ ಗುಳಿಗೆಗೆ ಜಗ್ಗದಂತಾಗಿದೆಯೇ ಎಂಬ ಭಯ ಇದ್ದೇ ಇರುತ್ತದೆ. ಅದರ ಪರೀಕ್ಷೆಗೆ ಬರೆದೆ. ಜೊತೆಗೆ ಚೀಲದಲ್ಲಿದ್ದ ಗುಳಿಗೆ ಪಟ್ಟಿಗಳನ್ನು ಎಣಿಸಿದೆ. ಮುಗಿದಿರಬೇಕಿದ್ದ ತಿಂಗಳ 30ರಲ್ಲಿ 11 ಹಾಗೇ ಉಳಿದಿದ್ದವು.

"ರಕ್ತ ಚಲೋ ಐತಿ ಅಂದಿದ್ರಲ್ರೀ ಸರ. ಕಾಲು ಸೆಟಗೊಂಡ್ರ ಮಗ್ಗ ತುಳಿಯಾಕ ಆಗಂಗಿಲ್ರಿ. ಶ್ರಾವಣದಾಗ ಉಪವಾಸ ಬ್ಯಾರೆ."

ಆ ಮಾತು ನಾನೇ ಹೇಳಿದ್ದು. ರಕ್ತ ಚೆನ್ನಾಗಿದ್ದರೂ ಮಜ್ಜೆಯಲ್ಲಿ ಆ ಜೀನಿನ ಕೆಲವು ಕೋಶಗಳು ಮಲಗಿರುತ್ತವೆ, ಗುಳಿಗೆ ತಪ್ಪಿದರೆ ಏಳುತ್ತವೆ ಎಂದು ಬಿಡಿಸಿ ಹೇಳಿರಲಿಲ್ಲ. ಮೀನಖಂಡ ಸೆಟೆಯುವುದು ಈ ಗುಳಿಗೆಯ ಮಾಮೂಲಿ ತೊಂದರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ನೋಡಿ ಸರಿಪಡಿಸಬಹುದು, ತಡೆಯಲಾಗದಿದ್ದರೆ ಡಾಸಾಟಿನಿಬ್‌ನಂಥ ಬೇರೆ ಗುಳಿಗೆಗೆ ಹೋಗಬಹುದು. ಸುಮ್ನೆ ಬಿಡುವುದೊಂದೇ ದಾರಿಯಲ್ಲ.

ಅವರ ಜೀನು ಬದಲಾಗಿರಲಿಲ್ಲ. ಈಗ ರಾತ್ರಿ ರೊಟ್ಟಿ ಉಂಡು, ಮಗ್ಗದ ಕೆಲಸ ಮುಗಿದ ಮೇಲೆ ಗುಳಿಗೆ ನುಂಗುತ್ತಾರೆ. ಉಪವಾಸದ ದಿನವೂ ರಾತ್ರಿ ಉಣ್ಣುತ್ತಾರೆ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗುವುದಿಲ್ಲ. ಮೂರು ತಿಂಗಳಿಗೆ ಪಿಸಿಆರ್ 0.4, ಆರು ತಿಂಗಳಿಗೆ 0.07.

ಮೊನ್ನೆ ಕೇಳಿದರು, ಗುಳಿಗೆ ಯಾವಾಗ ನಿಲ್ಲಿಸಬಹುದೆಂದು. ಹಲವು ವರ್ಷ 0.01ರ ಒಳಗೇ ಉಳಿದವರಲ್ಲಿ ಕೆಲವರಿಗೆ ನಿಲ್ಲಿಸಿ ನೋಡುತ್ತೇವೆ. ಮೊದಲ ತಿಂಗಳುಗಳಲ್ಲಿ ಪ್ರತಿ ತಿಂಗಳೂ ಪಿಸಿಆರ್ ಬೇಕು, ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಗುಳಿಗೆ ಶುರುಮಾಡಬೇಕಾಗುತ್ತದೆ. ಅವರು ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಮುಂದಿನ ಪಿಸಿಆರ್ ದೀಪಾವಳಿ ಆದ ಮೇಲೆ.